ದೀಪಾವಳಿ ಡಬ್ಬಿಯ ಮೇಲ್: ಎಚ್‌ಆರ್ ಹಾಗೇ ಮುಂದಕ್ಕೆ ಕಳಿಸುವಂತಿರಬೇಕು

ಪ್ರಶ್ನೆ: ಬೆಳಗಾವಿ ರವಿವಾರ ಪೇಟೆಯಲ್ಲಿ ನಮ್ಮದು ಡ್ರೈಫ್ರೂಟ್ ಹೋಲ್‌ಸೇಲ್ ಅಂಗಡಿ. ಹೋದ ವರ್ಷ ದೀಪಾವಳಿಗೆ ಮುಂಚೆ ಉದ್ಯಮಬಾಗ, ಮಚ್ಛೆ ಕಡೆಯ ಅರವತ್ತು ಕಂಪನಿಗಳ ಎಚ್‌ಆರ್ ಮ್ಯಾನೇಜರ್‌ಗಳಿಗೆ ಮೇಲ್ ಹಾಕಿದೆ. ಇಪ್ಪತ್ತು ಪುಟದ ಕ್ಯಾಟಲಾಗ್ ಕೂಡ ಜೊತೆಗಿತ್ತು. ಎರಡು ಉತ್ತರ ಬಂತು, ಆರ್ಡರ್ ಒಂದೂ ಬರಲಿಲ್ಲ. ರೇಟ್ ನಮ್ಮದೇ ಕಡಿಮೆ ಇತ್ತು. ಮೇಲ್‌ನಲ್ಲಿ ಏನು ಬರೆಯಬೇಕಿತ್ತು?

ಉತ್ತರ:

ನಾನು ಹನ್ನೊಂದು ವರ್ಷ ಇಲ್ಲಿಯದೇ ಒಂದು ಫೌಂಡ್ರಿಯ ಪರ್ಸನಲ್ ವಿಭಾಗದಲ್ಲಿದ್ದೆ. ಪ್ರತಿ ವರ್ಷ ಗಣಪತಿ ಹಬ್ಬ ಮುಗಿದ ಕೂಡಲೇ ನಿಮ್ಮಂಥವರ ಮೇಲ್‌ಗಳು ಬರೋಕೆ ಶುರುವಾಗುತ್ತಿದ್ದವು. ಅದರಲ್ಲಿ ಹತ್ತಕ್ಕೆ ಒಂಬತ್ತನ್ನು ನಾನು ತೆರೆದು, ಕ್ಯಾಟಲಾಗ್ ನೋಡಿ, 'ಆಮೇಲೆ ನೋಡೋಣ' ಅಂತ ಬಿಡುತ್ತಿದ್ದೆ. ಮಾಲು ಇಷ್ಟವಾಗಲಿಲ್ಲ ಅಂತಲ್ಲ. ಆ ಮೇಲನ್ನು ಇಟ್ಟುಕೊಂಡು ನಾನು ಮುಂದೆ ಏನೂ ಮಾಡುವ ಹಾಗಿರಲಿಲ್ಲ.

ಎಚ್‌ಆರ್ ಮ್ಯಾನೇಜರ್ ನಿಮ್ಮ ಮೇಲ್ ಓದುತ್ತಾರೆ, ಆದರೆ ಒಪ್ಪಿಗೆ ಕೊಡೋದು ಅವರೊಬ್ಬರೇ ಅಲ್ಲ. ಅವರು ಅದನ್ನು ಅಕೌಂಟ್ಸ್‌ಗೆ ಕಳಿಸಬೇಕು. ಅಲ್ಲಿಂದ ಪ್ಲಾಂಟ್ ಹೆಡ್ ಅಥವಾ ಮಾಲೀಕರ ಟೇಬಲ್‌ಗೆ ಹೋಗಬೇಕು. ಅದೇ ಸಮಯಕ್ಕೆ ಎಚ್‌ಆರ್ ತಲೆಯಲ್ಲಿ ಬೋನಸ್ ಲೆಕ್ಕ ಓಡುತ್ತಿರುತ್ತದೆ. ಇಪ್ಪತ್ತು ಪುಟದ ಕ್ಯಾಟಲಾಗ್‌ನಿಂದ ಡಬ್ಬಿ ಆರಿಸಿ, ತೆರಿಗೆ ಸೇರಿಸಿ, ಜನರ ಸಂಖ್ಯೆಯಿಂದ ಗುಣಿಸಿ, ಸಾಗಣೆ ಎಷ್ಟು ಅಂತ ನಿಮಗೆ ಫೋನ್ ಮಾಡಿ ಕೇಳಿ, ಆಮೇಲೆ ಒಂದು ನೋಟ್ ಬರೆದು ಮೇಲಿನವರಿಗೆ ಕಳಿಸೋದು ಅರ್ಧ ದಿನದ ಕೆಲಸ. ಆ ಅರ್ಧ ದಿನ ಅವರ ಹತ್ತಿರ ಇಲ್ಲ. ಆ ಕೆಲಸವನ್ನು ನೀವೇ ಮಾಡಿ ಮೇಲ್‌ನಲ್ಲಿ ಇಟ್ಟರೆ ಅವರು ಒಂದೇ ಸಾಲು ಬರೆದು ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ರೇಟ್ ಕಡಿಮೆ ಇದ್ದದ್ದು ಯಾರಿಗೂ ಗೊತ್ತೇ ಆಗಿರಲಿಕ್ಕಿಲ್ಲ, ಯಾಕಂದರೆ ಅದು ಕ್ಯಾಟಲಾಗ್‌ನ ಹದಿನಾಲ್ಕನೇ ಪುಟದಲ್ಲಿ 'ತೆರಿಗೆ ಪ್ರತ್ಯೇಕ' ಅಂತ ಕೂತಿರುತ್ತದೆ.

ಹಾಗಾಗಿ ಮೊದಲು ಬೆಲೆಯ ವಿಷಯ. ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಾಯಂ ಕೆಲಸಗಾರರು 180, ಕಾಂಟ್ರ್ಯಾಕ್ಟ್‌ನವರು 130, ಆಫೀಸ್ ಸ್ಟಾಫ್ 30, ಒಟ್ಟು 340 ಜನ ಅಂದುಕೊಳ್ಳಿ. ಡಬ್ಬಿಯಲ್ಲಿ ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ತಲಾ 100 ಗ್ರಾಂ. ಇಲ್ಲಿನ ದರಗಳು ಲೆಕ್ಕ ತೋರಿಸೋಕೆ ನಾನು ಹಿಡಿದವು, ನೀವು ನಿಮ್ಮ ಖರೀದಿ ದರ ಹಾಕಿಕೊಳ್ಳಿ. ಬಾದಾಮಿ ಕೆಜಿಗೆ 850 ಆದರೆ 85 ರೂಪಾಯಿ. ಗೋಡಂಬಿ ಕೆಜಿಗೆ 900 ಆದರೆ 90. ಒಣದ್ರಾಕ್ಷಿ ಕೆಜಿಗೆ 350 ಆದರೆ 35. ಮಾಲು 210 ರೂಪಾಯಿ ಆಯಿತು. ಡಬ್ಬಿ, ಒಳಗಿನ ಪೌಚ್, ಲೇಬಲ್ ಸೇರಿ 55. ತುಂಬುವ ಕೂಲಿ 12. ಗೇಟಿನವರೆಗೆ ಗಾಡಿ ಬಾಡಿಗೆ ಡಬ್ಬಿಗೆ 8. ಒಡೆದದ್ದು, ಹೆಚ್ಚುವರಿ ಇಟ್ಟದ್ದು ಅಂತ 6. ನಿಮಗೆ ಬೀಳುವ ಖರ್ಚು 291.

ಲಾಭ ಸೇರಿಸಿ 340 ಹೇಳಬೇಕು ಅಂತ ಮನಸ್ಸಿಗೆ ಬರುತ್ತದೆ. 5% ಜಿಎಸ್‌ಟಿ 17 ರೂಪಾಯಿ, ಒಟ್ಟು 357. ತೊಂದರೆ ಇಲ್ಲೇ ಆಗೋದು. ಕಂಪನಿಯ ಬಜೆಟ್ ಯಾವಾಗಲೂ ದುಂಡು ಸಂಖ್ಯೆ. 'ತಲೆಗೆ 350' ಅಂತ ಮೇಲಿನವರು ಹೇಳಿರುತ್ತಾರೆ. 357 ಬಂದ ಕೂಡಲೇ ಅದು ಬಜೆಟ್ ಮೀರಿದ ಡಬ್ಬಿ ಆಗುತ್ತದೆ. ಏಳು ರೂಪಾಯಿಗೆ ಮತ್ತೊಂದು ಒಪ್ಪಿಗೆ ಬೇಕು. ಅದರ ಬದಲು 333 ರೂಪಾಯಿ ಹಿಡಿಯಿರಿ. ಜಿಎಸ್‌ಟಿ ಸೇರಿ 349 ರೂಪಾಯಿ 65 ಪೈಸೆ. ಲಾಭ 49ರಿಂದ 42ಕ್ಕೆ ಇಳಿಯಿತು, ಆದರೆ ಡಬ್ಬಿ ಬಜೆಟ್ ಒಳಗೆ ಕೂತಿತು. 350, 500, 750, ಈ ಮೂರು ಗೆರೆಗಳ ಒಳಗೆ ಒಂದೊಂದು ಡಬ್ಬಿ ಕೂರಿಸಿ. ಮೂರಕ್ಕಿಂತ ಜಾಸ್ತಿ ಬೇಡ. ಮೊದಲ ಮೇಲ್‌ನಲ್ಲಿ ಅದರಲ್ಲೂ ಒಂದನ್ನೇ ಮುಂದಿಡಿ, ಉಳಿದ ಎರಡರ ಹೆಸರು ಹೇಳಿದರೆ ಸಾಕು.

ತೆರಿಗೆ ಸೇರಿಸಿಯೇ ಬೆಲೆ ಹೇಳಿ ಅನ್ನೋದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. ಕಂಪನಿ ಕಬ್ಬಿಣ ಕೊಂಡರೆ ಅದರ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ತೆಗೆದುಕೊಳ್ಳುತ್ತದೆ. ಗಿಫ್ಟ್ ಆಗಿ ಕೊಡುವ ವಸ್ತುವಿಗೆ ಆ ಸವಲತ್ತು ಇಲ್ಲ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್) ಅದನ್ನು ತಡೆಯುತ್ತದೆ. ಹಾಗಾಗಿ ನೀವು ಹಾಕುವ ತೆರಿಗೆ ಅವರಿಗೆ ಪೂರ್ತಿ ಖರ್ಚು. 'ತೆರಿಗೆ ಪ್ರತ್ಯೇಕ' ಅಂತ ಬರೆದ ಮೇಲ್ ಅಕೌಂಟ್ಸ್‌ನವರ ಕೈಗೆ ಹೋದರೆ ಅವರು ಮೊದಲು ಮಾಡೋದೇ ಆ ತೆರಿಗೆ ಸೇರಿಸೋದು. ಆಗ ನಿಮ್ಮ ಡಬ್ಬಿ ಎಚ್‌ಆರ್ ಹೇಳಿದ್ದಕ್ಕಿಂತ ದುಬಾರಿ ಕಾಣುತ್ತದೆ, ಎಚ್‌ಆರ್‌ಗೂ ಮುಜುಗರ.

ದರದ ವಿಷಯದಲ್ಲಿ ಹಳೇ ಕೊಟೇಶನ್ ನಕಲು ಮಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಬಾದಾಮಿ, ಪಿಸ್ತಾದಂಥ ಮಾಲಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. ಗೋಡಂಬಿ, ಒಣದ್ರಾಕ್ಷಿ ಮೊದಲೇ 5%ರಲ್ಲಿದ್ದವು. ಈಗ ಈ ಡಬ್ಬಿಗೆ ಒಂದೇ ದರ. ಆದರೆ ಚೆಂದ ಕಾಣಲಿ ಅಂತ 18% ತೆರಿಗೆಯ ವಸ್ತು ಏನಾದರೂ ಅದೇ ಡಬ್ಬಿಗೆ ಸೇರಿಸಿ ಒಂದೇ ಬೆಲೆ ಹೇಳಿದಿರೋ, ಅದು ಮಿಕ್ಸ್‌ಡ್ ಸಪ್ಲೈ ಆಗುತ್ತದೆ. ಆಗ ಇಡೀ ಡಬ್ಬಿಗೆ ಜಾಸ್ತಿ ದರವೇ ಬೀಳುತ್ತದೆ. 333ರ ಡಬ್ಬಿ 350ರಿಂದ 393ಕ್ಕೆ ಏರುತ್ತದೆ. ಹಬ್ಬದ ಕಳೆ ಬೇಕು ಅನ್ನಿಸಿದರೆ ಎರಡು ಮಣ್ಣಿನ ಹಣತೆ ಇಡಿ. ಅದಕ್ಕೆ ಜಿಎಸ್‌ಟಿಯೇ ಇಲ್ಲ.

ಬೆಲೆ ಆದಮೇಲೆ ಎಚ್‌ಆರ್ ಮನಸ್ಸಿನಲ್ಲಿರೋದು ಭಯ. ಮಾರುವವರಿಗೆ ಇದು ಸಾಮಾನ್ಯವಾಗಿ ಕಾಣೋದಿಲ್ಲ. ಒಂದು ವರ್ಷ ನಾವು 312 ಡಬ್ಬಿ ತರಿಸಿದ್ದೆವು. ಆರ್ಡರ್ ಕೊಟ್ಟ ಮೇಲೆ ಕಾಂಟ್ರ್ಯಾಕ್ಟರ್ ಒಂಬತ್ತು ಜನರನ್ನು ಹೆಚ್ಚಿಗೆ ತಂದಿದ್ದ. ಮೊದಲ ಪಾಳಿ, ಎರಡನೇ ಪಾಳಿ ಹಂಚಿ ಮುಗಿಯಿತು. ರಾತ್ರಿ ಪಾಳಿಯ ಸೂಪರ್‌ವೈಸರ್ ಫೋನ್ ಮಾಡಿ, "ಸಾಹೇಬ್ರ, ಒಂಬತ್ತು ಮಂದಿಗೆ ಡಬ್ಬಿ ಇಲ್ರೀ, ಗೇಟಿನ್ಯಾಗ ನಿಂತಾರ" ಅಂದರು. ಡಬ್ಬಿ ಕೊಟ್ಟಿದ್ದ ವ್ಯಾಪಾರಿಯ ಫೋನ್ ಆಫ್ ಇತ್ತು. ಮರುದಿನ ಬೇರೆ ಅಂಗಡಿಯಿಂದ ಒಂಬತ್ತು ಡಬ್ಬಿ ತಂದೆ. ಬಣ್ಣ ಬೇರೆ, ಆಕಾರ ಬೇರೆ. ಇಬ್ಬರು ಅದನ್ನು ಮುಟ್ಟಲೇ ಇಲ್ಲ. 'ನಮಗ್ಯಾಕ ಬ್ಯಾರೆ' ಅನ್ನೋ ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ವರ್ಷ ಡಬ್ಬಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ ಇನ್ನೊಬ್ಬರಿಗೆ ಆರ್ಡರ್ ಹೋಯಿತು. ಅವರ ಮೇಲ್‌ನಲ್ಲಿ ಒಂದು ಸಾಲು ಇತ್ತು: ಹತ್ತು ಡಬ್ಬಿ ಹೆಚ್ಚಿಗೆ ಬಿಟ್ಟು ಹೋಗುತ್ತೇವೆ, ಉಳಿದದ್ದನ್ನು ವಾಪಸ್ ಒಯ್ಯುತ್ತೇವೆ, ಬಿಲ್ ಹಂಚಿದ್ದಕ್ಕೆ ಮಾತ್ರ.

ನಿಮ್ಮ ಮೇಲ್‌ನಲ್ಲಿ ಇರಬೇಕಾದ ಮುಖ್ಯ ಸಾಲು ಇದೇ. 340 ಜನಕ್ಕೆ 350 ಡಬ್ಬಿ. ವಾಪಸ್ ಬಂದ ಹತ್ತು ಡಬ್ಬಿ ನಿಮಗೆ ಭಾರ ಅಲ್ಲ, ಅಲ್ವಾ? ಸೀಲ್ ಒಡೆಯದೇ ಇದ್ದರೆ ತುಳಸಿ ಲಗ್ನದೊಳಗೆ ಅಂಗಡಿಯಲ್ಲೇ ಹೋಗುತ್ತವೆ. ಆದರೆ ಒಂದು ಎಚ್ಚರಿಕೆ ಬೇಕು. ಡಬ್ಬಿಯ ಮೇಲೆ ಕಂಪನಿಯ ಹೆಸರು ಮುದ್ರಿಸಿದರೆ ವಾಪಸ್ ತಂದದ್ದು ಬೇರೆಯವರಿಗೆ ಕೊಡೋಕೆ ಬರೋದಿಲ್ಲ. ಹೆಸರನ್ನು ಡಬ್ಬಿಗೆ ಬೇಡ, ಮೇಲಿನ ಕಾಗದದ ಪಟ್ಟಿಗೆ ಹಾಕಿಸಿ. ಪಟ್ಟಿ ಕಳಚಿದರೆ ಡಬ್ಬಿ ಮತ್ತೆ ನಿಮ್ಮದು.

ಎರಡನೇ ಭಯ ಮಾಲಿನ ಬಗ್ಗೆ. ಕೆಲಸಗಾರರು ಮನೆಗೆ ಹೋಗಿ ಡಬ್ಬಿ ತೆರೆದಾಗ ಗೋಡಂಬಿ ಮೆತ್ತಗಿದ್ದರೆ, ಬಾದಾಮಿ ಕಮಟು ವಾಸನೆ ಬಂದರೆ, ಮರುದಿನ ಅದು ಕ್ಯಾಂಟೀನ್‌ನಲ್ಲಿ ಎಚ್‌ಆರ್ ತಲೆಗೆ ಬರುತ್ತದೆ. ಅದರ ಬಗ್ಗೆ ಮೇಲ್‌ನಲ್ಲಿ 'ಉತ್ತಮ ಗುಣಮಟ್ಟ' ಅಂತ ಬರೆದರೆ ಏನೂ ಹೇಳಿದಂತಾಗೋದಿಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ. ಪರೀಕ್ಷೆ ಮಾಡಿ ನೋಡಬಹುದಾದ ಮಾತು ಬರೆಯಿರಿ. ಗೋಡಂಬಿ ಡಬ್ಲ್ಯೂ 320, ತುಕಡಿ ಇಲ್ಲ. ಇದರರ್ಥ ನಿಮಗೆ ಗೊತ್ತೇ ಇದೆ, ಒಂದು ಪೌಂಡಿಗೆ 300ರಿಂದ 320 ಬೀಜ. ಎಚ್‌ಆರ್‌ಗೆ ಗೊತ್ತಿಲ್ಲ. ಹಾಗಾಗಿ '100 ಗ್ರಾಂ ಪೌಚ್‌ನಲ್ಲಿ ಸುಮಾರು 65ರಿಂದ 70 ಇಡೀ ಬೀಜ' ಅಂತ ಬರೆಯಿರಿ. ಅದು ಯಾರಿಗಾದರೂ ಅರ್ಥವಾಗುತ್ತದೆ. ಕೆಲಸಗಾರರು ಪಕ್ಕದವರ ಡಬ್ಬಿ ಜೊತೆ ಹೋಲಿಸಿ ನೋಡುತ್ತಾರೆ. ಒಬ್ಬರಿಗೆ ಇಡೀ ಬೀಜ, ಇನ್ನೊಬ್ಬರಿಗೆ ತುಕಡಿ ಬಂದರೆ ಜಗಳ. ಎಲ್ಲ ಡಬ್ಬಿ ಒಂದೇ ಥರ ಇರುತ್ತವೆ ಅನ್ನೋ ಭರವಸೆ ಎಚ್‌ಆರ್‌ಗೆ ದೊಡ್ಡ ಗ್ರೇಡ್‌ಗಿಂತ ಜಾಸ್ತಿ ಬೇಕು.

ಪ್ಯಾಕ್ ಮಾಡುವ ದಿನಾಂಕ ಹೇಳಿ. ಮುಚ್ಚಳ ಪಾರದರ್ಶಕವಾಗಿರುವ ಚೆಂದದ ಡಬ್ಬಿಗಳಲ್ಲಿ ಗಾಳಿ ಆಡುತ್ತದೆ. ಬೆಳಗಾವಿಯ ಮಳೆ ಹಿಂದೆ ಬಿಟ್ಟು ಹೋಗುವ ತೇವದಲ್ಲಿ ಬಿಡಿಯಾಗಿ ಸುರಿದ ಗೋಡಂಬಿ ಒಂದೇ ವಾರದಲ್ಲಿ ಗರಿತನ ಕಳೆದುಕೊಳ್ಳುತ್ತದೆ. ಮೂರೂ ಮಾಲು ಬೇರೆ ಬೇರೆ ಸೀಲ್ ಮಾಡಿದ ಪೌಚ್‌ನಲ್ಲಿ ಇರಲಿ. ಒಣದ್ರಾಕ್ಷಿಯಲ್ಲಿ ತೇವ ಜಾಸ್ತಿ, ಅದನ್ನು ಗೋಡಂಬಿ ಜೊತೆ ಒಂದೇ ಖಾನೆಯಲ್ಲಿ ಇಟ್ಟರೆ ಗೋಡಂಬಿ ಆ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ಇದನ್ನೂ ಮೇಲ್‌ನಲ್ಲಿ ಒಂದೇ ಸಾಲಿನಲ್ಲಿ ಹೇಳಬಹುದು.

ಒಣದ್ರಾಕ್ಷಿ ನಿಮ್ಮ ಕೈಯಲ್ಲಿರುವ ಒಳ್ಳೆಯ ಮಾತು. ಬಾದಾಮಿ ಹೆಚ್ಚಿನವರ ಡಬ್ಬಿಯಲ್ಲಿ ಹೊರದೇಶದ್ದೇ. ಆದರೆ ವಿಜಯಪುರದ ತಿಕೋಟಾ ಕಡೆಯ ಒಣದ್ರಾಕ್ಷಿ ಇಡುತ್ತೇವೆ, ಈ ಬೇಸಿಗೆಯಲ್ಲಿ ಒಣಗಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಮಾಲು ಅಂತ ಬರೆದರೆ ಓದುವವರಿಗೆ ತಟ್ಟನೆ ಹತ್ತಿರವಾಗುತ್ತದೆ. ಎಷ್ಟೋ ಕೆಲಸಗಾರರ ಊರೇ ಆ ಕಡೆ. ಆದರೆ ಅದು ನಿಜವಾಗಿದ್ದರೆ ಮಾತ್ರ ಬರೆಯಿರಿ. 'ಕೆಮಿಕಲ್ ಇಲ್ಲ' ಅಂತ ಮಾತ್ರ ಬರೆಯಲೇಬೇಡಿ. ಬಣ್ಣ ಉಳಿಯಲಿ ಅಂತ ಗಂಧಕದ ಹೊಗೆ ಕೊಟ್ಟ ದ್ರಾಕ್ಷಿಯಲ್ಲಿ ಸಲ್ಫೈಟ್ ಇರುತ್ತದೆ. ಅದು ಕೆಜಿಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಲೇಬಲ್ ಮೇಲೆ ಅಲರ್ಜಿ ಸೂಚನೆಯಾಗಿ ಹಾಕಬೇಕು. ಮೇಲ್ ಒಂದು ಹೇಳಿ ಲೇಬಲ್ ಇನ್ನೊಂದು ಹೇಳಿದರೆ ಮುಂದಿನ ವರ್ಷದ ಬಾಗಿಲೂ ಮುಚ್ಚುತ್ತದೆ.

ಈಗ ಮೇಲ್ ಬರೆಯೋಣ. 2026ರ ದೀಪಾವಳಿ ಅಮಾವಾಸ್ಯೆ ನವೆಂಬರ್ 8, ಭಾನುವಾರ. ಹಂಚಿಕೆ ಅದಕ್ಕೂ ಮೊದಲಿನ ಗುರುವಾರದಿಂದ ಶನಿವಾರದೊಳಗೆ ನಡೆಯುತ್ತದೆ. ಹಾಗಾಗಿ ಗೇಟಿಗೆ ಡಬ್ಬಿ ನವೆಂಬರ್ 3, ಮಂಗಳವಾರಕ್ಕೆ ಮುಟ್ಟಬೇಕು. ನೀವು ಇಂಗ್ಲಿಷ್‌ನಲ್ಲಿ ಕಳಿಸೋರಾದರೂ ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಳ್ಳಿ:

ವಿಷಯ: ದೀಪಾವಳಿ ಡ್ರೈಫ್ರೂಟ್ ಡಬ್ಬಿ 300 ಗ್ರಾಂ, ಎಲ್ಲ ಸೇರಿ ₹350, ನ. 3ಕ್ಕೆ ನಿಮ್ಮ ಗೇಟಿಗೆ

ನಮಸ್ಕಾರ ಮೇಡಂ,

ನಮ್ಮದು ಬೆಳಗಾವಿ ರವಿವಾರ ಪೇಟೆಯ ಡ್ರೈಫ್ರೂಟ್ ಹೋಲ್‌ಸೇಲ್ ಅಂಗಡಿ. ನಿಮ್ಮ ಕಾರ್ಖಾನೆಯ ಕೆಲಸಗಾರರಿಗೆ ಈ ದೀಪಾವಳಿಗೆ ಒಂದು ಡಬ್ಬಿ ಸೂಚಿಸುತ್ತಿದ್ದೇವೆ. ಬಾದಾಮಿ 100 ಗ್ರಾಂ, ಇಡೀ ಗೋಡಂಬಿ 100 ಗ್ರಾಂ (ಸುಮಾರು 65ರಿಂದ 70 ಬೀಜ), ವಿಜಯಪುರದ ಒಣದ್ರಾಕ್ಷಿ 100 ಗ್ರಾಂ. ಮೂರೂ ಬೇರೆ ಬೇರೆ ಸೀಲ್ ಪೌಚ್‌ಗಳಲ್ಲಿ. ಪ್ಯಾಕಿಂಗ್ ಅಕ್ಟೋಬರ್ ಕೊನೆಯ ವಾರ.

ಬೆಲೆ ಡಬ್ಬಿಗೆ ₹350. ಜಿಎಸ್‌ಟಿ, ಗೇಟಿನವರೆಗೆ ಸಾಗಣೆ, ಕಂಪನಿ ಹೆಸರಿನ ಪಟ್ಟಿ ಎಲ್ಲ ಸೇರಿದೆ. 340 ಜನರಿದ್ದರೆ ಒಟ್ಟು ₹1,19,000. ಇದಕ್ಕಿಂತ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಈ ಬೆಲೆ ಅಕ್ಟೋಬರ್ 10ರೊಳಗೆ ಖಚಿತಪಡಿಸಿದ ಆರ್ಡರ್‌ಗೆ.

ನೀವು ಹೇಳಿದ ಸಂಖ್ಯೆಗಿಂತ ಹತ್ತು ಡಬ್ಬಿ ಹೆಚ್ಚಿಗೆ ತಂದಿಡುತ್ತೇವೆ. ಹಂಚಿ ಉಳಿದದ್ದನ್ನು ಸೀಲ್ ಇದ್ದಂತೆ ವಾಪಸ್ ಒಯ್ಯುತ್ತೇವೆ, ಬಿಲ್ ಹಂಚಿದ್ದಕ್ಕೆ ಮಾತ್ರ. ಪಾಳಿಗಳ ಪ್ರಕಾರ ಪೆಟ್ಟಿಗೆ ಬೇರೆ ಮಾಡಿ, ಮೇಲೆ ಪಾಳಿಯ ಹೆಸರು ಬರೆದು ಕೊಡುತ್ತೇವೆ. ಹಂಚುವ ದಿನಗಳಲ್ಲಿ ರಾತ್ರಿ ಪಾಳಿ ಮುಗಿಯುವವರೆಗೂ ಈ ಕೆಳಗಿನ ನಂಬರ್‌ನಲ್ಲಿ ನಾನೇ ಸಿಗುತ್ತೇನೆ.

ತೆರೆದ ಡಬ್ಬಿಯ ಒಂದು ಫೋಟೋ ಜೊತೆಗಿದೆ. ಒಪ್ಪಿಗೆಯಾದರೆ ಎರಡು ಸ್ಯಾಂಪಲ್ ಡಬ್ಬಿ ತಂದು ಕೊಡುತ್ತೇನೆ. ₹500 ಮತ್ತು ₹750ರ ಡಬ್ಬಿಯೂ ಇವೆ, ಬೇಕಾದರೆ ತಿಳಿಸಿ. ವೆಂಡರ್ ಕೋಡ್‌ಗೆ ಬೇಕಾದ ಜಿಎಸ್‌ಟಿ, ಪ್ಯಾನ್, ಎಫ್‌ಎಸ್‌ಎಸ್‌ಎಐ ಕಾಗದಗಳು ಸಿದ್ಧ ಇವೆ.

ಇಷ್ಟೇ. ಕೆಳಗೆ ನಿಮ್ಮ ಹೆಸರು, ಫೋನ್, ಅಂಗಡಿ ವಿಳಾಸ, ಜಿಎಸ್‌ಟಿ ನಂಬರ್, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಆ ಎರಡು ನಂಬರ್ ಕಂಡರೆ ಅಕೌಂಟ್ಸ್‌ನವರಿಗೆ ಅರ್ಧ ನೆಮ್ಮದಿ.

ಇದರಲ್ಲಿ 340 ಅನ್ನೋ ಸಂಖ್ಯೆ ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ಅದಕ್ಕೇ ಅರವತ್ತು ಕಂಪನಿಗೆ ಒಂದೇ ಮೇಲ್ ಹೋಗಬಾರದು ಅನ್ನೋದು. ಹದಿನೈದು ಕಂಪನಿ ಆರಿಸಿ. ಗೇಟಿನ ಸೆಕ್ಯುರಿಟಿ, ಕ್ಯಾಂಟೀನ್‌ನವರು, ಅಲ್ಲಿ ಕೆಲಸ ಮಾಡುವ ನಿಮ್ಮ ಗಿರಾಕಿಗಳು, ಇವರಲ್ಲಿ ಒಬ್ಬರಿಗಾದರೂ ಸುಮಾರು ಎಷ್ಟು ಜನ ಅನ್ನೋದು ಗೊತ್ತಿರುತ್ತದೆ. ಸಂಖ್ಯೆ ಹೆಚ್ಚುಕಡಿಮೆ ಆದರೂ ತೊಂದರೆ ಇಲ್ಲ. ತಪ್ಪಿದ್ದರೆ ಎಚ್‌ಆರ್ ಉತ್ತರ ಬರೆದು ಸರಿ ಮಾಡುತ್ತಾರೆ. ಆ ಉತ್ತರವೇ ನಿಮಗೆ ಬೇಕಾದದ್ದು. ಎಲ್ಲರ ವಿಳಾಸ ಒಂದೇ ಸಾಲಿನಲ್ಲಿ ಕಾಣುವ ಹಾಗೆ ಹೋದ ವರ್ಷ ಕಳಿಸಿದ್ದರೆ ಈ ಸಲ ಹಾಗೆ ಮಾಡಬೇಡಿ. ಉದ್ಯಮಬಾಗದ ಎಚ್‌ಆರ್‌ಗಳು ಒಬ್ಬರಿಗೊಬ್ಬರು ಪರಿಚಯ. ಪಕ್ಕದ ಕಂಪನಿಗೂ ಇದೇ ಡಬ್ಬಿ ಅಂತ ಗೊತ್ತಾದರೆ ಆಸೆ ಅಲ್ಲೇ ಮುಗಿಯಿತು.

ಕ್ಯಾಟಲಾಗ್ ಬಿಟ್ಟುಬಿಡಿ. ಹೆಚ್ಚಿನವರು ಮೇಲ್ ನೋಡೋದು ಫೋನಿನಲ್ಲಿ, ಶಾಪ್ ಫ್ಲೋರ್‌ನಲ್ಲಿ ನಡೆಯುತ್ತಾ. ಒಂದೇ ಫೋಟೋ ಸಾಕು. ಹಗಲು ಬೆಳಕಿನಲ್ಲಿ ತೆಗೆದದ್ದು, ಪಕ್ಕದಲ್ಲಿ ಒಂದು ಕೈ ಇರಲಿ, ಡಬ್ಬಿಯ ಅಳತೆ ತಿಳಿಯುತ್ತದೆ. ಇಂಟರ್ನೆಟ್‌ನಿಂದ ತೆಗೆದ ಫೋಟೋ ಹಾಕಿ ಕೊನೆಗೆ ಡಬ್ಬಿ ಚಿಕ್ಕದಿದ್ದರೆ ಸ್ಯಾಂಪಲ್ ದಿನವೇ ಮಾತು ನಿಲ್ಲುತ್ತದೆ.

ಸಮಯದ ಬಗ್ಗೆ. ಈ ಸಲ ಗಣೇಶ ಚತುರ್ಥಿ ಸೆಪ್ಟೆಂಬರ್ 14. ಆ ದಿನದಿಂದ ಬೆಳಗಾವಿಯಲ್ಲಿ ವಿಸರ್ಜನೆ ಮುಗಿಯುವವರೆಗೆ ಯಾರೂ ಈ ಮೇಲ್ ಓದೋದಿಲ್ಲ. ಹಾಗಾಗಿ ಹಬ್ಬಕ್ಕೂ ಮುಂಚೆಯೇ, ಆಗಸ್ಟ್ ಕೊನೆಯ ವಾರ ಅಥವಾ ಸೆಪ್ಟೆಂಬರ್ ಮೊದಲ ವಾರ ಮೊದಲ ಮೇಲ್ ಹೋಗಲಿ, ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ. ವಿಸರ್ಜನೆ ಆದಮೇಲೆ ಪಕ್ಷಮಾಸ ಬರುತ್ತದೆ. ಅಂಗಡಿಯಲ್ಲಿ ವ್ಯಾಪಾರ ಸ್ವಲ್ಪ ಮಂದ, ನಿಮಗೂ ಬಿಡುವು. ಸ್ಯಾಂಪಲ್ ಹಿಡಿದು ಗೇಟಿಗೆ ಹೋಗೋಕೆ ಅದೇ ಸರಿಯಾದ ಹೊತ್ತು. ಸ್ಯಾಂಪಲ್ ಎರಡು ಕೊಡಿ. ಒಂದು ಎಚ್‌ಆರ್ ಟೇಬಲ್ ಮೇಲೆ, ಇನ್ನೊಂದು ಅವರು ಒಳಗೆ ತೋರಿಸೋಕೆ. ಒಂದೇ ಕೊಟ್ಟರೆ ಅದನ್ನು ಒಡೆದು ತಿಂದು ನೋಡುತ್ತಾರೆ, ಮೇಲಿನವರಿಗೆ ತೋರಿಸೋಕೆ ಏನೂ ಉಳಿಯೋದಿಲ್ಲ.

ಅಕ್ಟೋಬರ್ 10 ಅಂತ ಗಡುವು ಹಾಕಿದ್ದು ಸುಮ್ನೆ ಅಲ್ಲ. ಬಾದಾಮಿ ಹೆಚ್ಚಾಗಿ ಬರೋದು ಕ್ಯಾಲಿಫೋರ್ನಿಯಾದಿಂದ. ಅಲ್ಲಿ ಹೊಸ ಬೆಳೆಯ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್ ತನಕ ನಡೆಯುತ್ತದೆ. ನಮ್ಮ ಹಬ್ಬದ ಬೇಡಿಕೆ ಏರೋದೂ ಅದೇ ಸಮಯಕ್ಕೆ, ಡಾಲರ್ ಲೆಕ್ಕವೂ ಅದಕ್ಕೆ ಸೇರುತ್ತದೆ. ಗಡುವಿಲ್ಲದೆ ಬೆಲೆ ಹೇಳಿ, ಕೊನೆಗೆ ಹತ್ತು ರೂಪಾಯಿ ಜಾಸ್ತಿ ಕೇಳಿದರೆ ಎಚ್‌ಆರ್ ಮತ್ತೆ ಒಪ್ಪಿಗೆ ತರಬೇಕು. ಅವರು ತರೋದಿಲ್ಲ, ನಿಮ್ಮನ್ನೇ ಬಿಡುತ್ತಾರೆ. ಆರ್ಡರ್ ಖಚಿತವಾದ ದಿನವೇ ಬಾದಾಮಿ, ಗೋಡಂಬಿ ಎತ್ತಿಡಿ. ಅದಕ್ಕೆ ಬೇಕಾದಷ್ಟು ಮುಂಗಡ ಕೇಳೋದರಲ್ಲಿ ತಪ್ಪಿಲ್ಲ. ಆದರೆ ಮುಂಗಡದ ಮಾತು ಮೊದಲ ಮೇಲ್‌ನಲ್ಲಿ ಬೇಡ, ಸ್ಯಾಂಪಲ್ ಒಪ್ಪಿದ ದಿನ ಕೂತು ಮಾತಾಡಿ.

ಒಂದು ವಾರ ಉತ್ತರ ಬರದೇ ಇದ್ದರೆ ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು ಹಾಕಿ: 'ಗುರುವಾರ ಉದ್ಯಮಬಾಗಕ್ಕೆ ಬರುತ್ತಿದ್ದೇನೆ, ಸ್ಯಾಂಪಲ್ ಗೇಟಿನಲ್ಲಿ ಬಿಟ್ಟು ಹೋಗಲೇ?' ಇದಕ್ಕೆ ಹೌದು ಅನ್ನೋಕೆ ಅವರಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ. ಗುರುವಾರ ಮಾತ್ರ ತಪ್ಪಿಸಬೇಡಿ.